ಗುಲ್ಮ ತೆಗೆಸಿದ ಮೇಲೆ ಜ್ವರಕ್ಕೆ ನಾನು ಮಾಡಿಕೊಂಡ ಏರ್ಪಾಡು

ಐಟಿಪಿ ಇರುವವರಿಗೆ ಪ್ಲೇಟ್‌ಲೆಟ್ ಅಂದರೇನು, ಸ್ಟಿರಾಯ್ಡ್ ಏನೆಲ್ಲ ಮಾಡುತ್ತದೆ ಅಂತ ನಾನು ಹೇಳಬೇಕಿಲ್ಲ. ಗುಲ್ಮ ತೆಗೆಸಬೇಕೋ ಬೇಡವೋ ಅಂತ ಯೋಚನೆಯಲ್ಲಿರುವವರಿಗೆ, ಮತ್ತು ತೆಗೆಸಿ ಆಯ್ತು, ಇನ್ನೇನು ತೊಂದರೆ ಇಲ್ಲ ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಜ್ವರದ ಏರ್ಪಾಡನ್ನು ನೋಡಿ ಮನೆಯವರು, ಊರವರು ಎಲ್ಲ ನಗುತ್ತಿದ್ದರು. ಹೋದ ಮಳೆಗಾಲದಲ್ಲಿ ಅದೇ ಕೆಲಸಕ್ಕೆ ಬಂತು.

ನಮ್ಮದು ಶಿರಸಿ ಕಡೆ ಅಡಿಕೆ ತೋಟ. ದೊಡ್ಡ ಆಸ್ಪತ್ರೆ ಬೇಕು ಅಂದರೆ ಹುಬ್ಬಳ್ಳಿಗೇ ಹೋಗಬೇಕು. ಪ್ಲೇಟ್‌ಲೆಟ್ ಎಂಟು ಸಾವಿರಕ್ಕೆ ಇಳಿದಾಗ ಶುರುವಾದ ಕಥೆ ಇದು. ಸ್ಟಿರಾಯ್ಡ್ ಕೊಟ್ಟಾಗ ಏರುತ್ತಿತ್ತು, ಡೋಸ್ ಇಳಿಸಿದರೆ ಮತ್ತೆ ನೆಲ ಕಚ್ಚುತ್ತಿತ್ತು. ಮುಖ ಊದಿತು, ಶುಗರ್ ಬಂತು, ರಾತ್ರಿ ನಿದ್ದೆ ಇಲ್ಲ. ಡ್ಯಾಪ್ಸೋನ್ ಆಯಿತು. ಎಲ್ಟ್ರೊಂಬೋಪ್ಯಾಗ್ ಕೆಲಸ ಮಾಡಿತು, ಆದರೆ ತಿಂಗಳಿಗೆ ಐದಾರು ಸಾವಿರ ಬೇಕು, ಮೇಲಿಂದ ಮಾತ್ರೆಯ ಹಿಂದೆ ಮುಂದೆ ಗಂಟೆಗಟ್ಟಲೆ ಹಾಲು ಮೊಸರು ಮುಟ್ಟುವಂತಿಲ್ಲ. ಮಜ್ಜಿಗೆ ಇಲ್ಲದೆ ಊಟ ಮುಗಿಸುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟ ಅಂತ ಗೊತ್ತಲ್ವಾ. ಪಪ್ಪಾಯಿ ಎಲೆ ರಸವನ್ನೂ ಕುಡಿದು ನೋಡಿದೆ. ಬೆಳಿಗ್ಗೆ ಒಂದು ಲೋಟ, ಸುಮಾರು ಒಂದು ತಿಂಗಳು, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಬರೆದಿಟ್ಟೆ. ಬಾಯಿ ಕಹಿಯಾಯಿತು, ಲೆಕ್ಕ ಮಾತ್ರ ಅಲುಗಲಿಲ್ಲ.

ಕೊನೆಗೆ ಆಪರೇಷನ್. ನಮ್ಮ ರೋಗದಲ್ಲಿ ಪ್ಲೇಟ್‌ಲೆಟ್‌ಗಳಿಗೆ ತಪ್ಪು ಗುರುತು ಬೀಳುತ್ತದೆ, ಗುರುತು ಬಿದ್ದದ್ದನ್ನು ಗುಲ್ಮ ಹಿಡಿದು ತಿಂದುಹಾಕುತ್ತದೆ. ತಿನ್ನುವ ಜಾಗವನ್ನೇ ತೆಗೆದರೆ ಹೇಗೆ ಅಂತ 1916ರಲ್ಲಿ ಪ್ರಾಗ್‌ನಲ್ಲಿ ಕಾಜ್ನೆಲ್ಸನ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರೊಫೆಸರನ್ನು ಒಪ್ಪಿಸಿದನಂತೆ. ಆಗಿನಿಂದ ಇದೆ ಈ ಪದ್ಧತಿ. ಮೂವರಲ್ಲಿ ಇಬ್ಬರಿಗೆ ನಿಲ್ಲುತ್ತದೆ ಅಂದರು ಸರ್ಜನ್. ಉಳಿದ ಒಬ್ಬ ನೀನೇ ಆದರೆ ಏನು ಮಾಡ್ತೀಯ ಅಂತ ಅಣ್ಣ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡು ಹೋಗಿದ್ದು ಆಪರೇಷನ್‌ಗಿಂತ, ಅದಕ್ಕೆ ಮುಂಚೆ ಪ್ಲೇಟ್‌ಲೆಟ್ ಏರಿಸಲು ನರಕ್ಕೆ ಹಾಕುವ ಐವಿಐಜಿಗೆ. ಕಿಲೋಗೆ ಒಂದು ಗ್ರಾಂ ಲೆಕ್ಕ, ನನ್ನ ತೂಕ ಅರವತ್ತರ ಆಸುಪಾಸು. ಲಕ್ಷ ದಾಟಿತು. ಆಪರೇಷನ್, ವಾರ್ಡು ಎಲ್ಲ ಸೇರಿ ಇನ್ನೊಂದೂವರೆ ಲಕ್ಷ ಆಗಿರಬಹುದು. ಆ ವರ್ಷದ ಅಡಿಕೆ ಪೂರ್ತಿ ಅದಕ್ಕೇ ಹೋಯಿತು. ಲಸಿಕೆಗಳಿಗೆ ಹದಿನೈದು ಸಾವಿರದ ಒಳಗೇ. ನ್ಯುಮೋಕೋಕಸ್, ಮೆನಿಂಜೋಕೋಕಸ್, ಹಿಬ್, ಫ್ಲೂ. ಇವನ್ನು ಆಪರೇಷನ್‌ಗೆ ಕನಿಷ್ಠ ಎರಡು ವಾರ ಮುಂಚೆ ಹಾಕಿಸಬೇಕು. ಸಣ್ಣ ಊರಿನ ಮೆಡಿಕಲ್ ಶಾಪಿನಲ್ಲಿ ಎಲ್ಲ ಒಟ್ಟಿಗೆ ಸಿಗುವುದಿಲ್ಲ. ನಾನು ಹೇಗೆ ತರಿಸಿದೆ, ಯಾವ ದರಕ್ಕೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅಂಗಡಿಯವನಿಗೆ ಮಾತು ಕೊಟ್ಟಿದ್ದೇನೆ.

ಆಪರೇಷನ್ ಆಗಿ ವಾರ ಕಳೆಯುವಷ್ಟರಲ್ಲಿ ಪ್ಲೇಟ್‌ಲೆಟ್ ಒಂಬತ್ತು ಲಕ್ಷ! ಎಂಟು ಸಾವಿರ ನೋಡಿದ್ದವನಿಗೆ ಖುಷಿ, ಡಾಕ್ಟರಿಗೆ ಚಿಂತೆ. ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು, ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ ಅಂದರು. ಸ್ವಲ್ಪ ದಿನ ಆಸ್ಪಿರಿನ್ ಕೊಟ್ಟರು. ಆಮೇಲೆ ಮೂರೂವರೆ ನಾಲ್ಕು ಲಕ್ಷಕ್ಕೆ ಬಂದು ನಿಂತಿತು. ಇವತ್ತಿಗೂ ಅಲ್ಲೇ ಇದೆ. ಅಣ್ಣನಿಗೆ ಪ್ರತಿ ರಿಪೋರ್ಟನ್ನೂ ತಪ್ಪದೆ ಕಳಿಸುತ್ತೇನೆ.

ಇನ್ನು ಜ್ವರದ ವಿಷಯ. ನ್ಯುಮೋಕೋಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳಿಗೆ ಮೈಮೇಲೆ ಸಕ್ಕರೆ ಅಂಶದ ಜಾರುವ ಹೊದಿಕೆ ಇರುತ್ತದೆ, ಸುಲಭಕ್ಕೆ ಸಿಕ್ಕುವುದಿಲ್ಲ. ಚೆನ್ನಾಗಿ ಗುರುತು ಬಿದ್ದಿದ್ದರೆ ಲಿವರ್ ಕೂಡ ಹಿಡಿಯುತ್ತದೆ. ಅರೆಬರೆ ಗುರುತಿನವನ್ನು ಹಿಡಿಯಲು ಗುಲ್ಮವೇ ಬೇಕು, ಯಾಕೆಂದರೆ ಅಲ್ಲಿ ರಕ್ತ ನಿಧಾನವಾಗಿ ಜಿನುಗುತ್ತಾ ಸಾಗುತ್ತದೆ. ಇವುಗಳ ವಿರುದ್ಧ ಮೊದಲ ಪ್ರತಿಕಾಯಗಳನ್ನು ಬೇಗ ತಯಾರಿಸುವ ಕಣಗಳೂ ಅಲ್ಲೇ ಇರುವುದು. ಗುಲ್ಮ ಇಲ್ಲದವರಲ್ಲಿ ಬೆಳಿಗ್ಗೆ ಬಂದ ಸಣ್ಣ ಜ್ವರ ಒಂದೆರಡು ದಿನದಲ್ಲಿ ಜೀವ ತೆಗೆದ ಉದಾಹರಣೆಗಳಿವೆ. ಅಪರೂಪ, ಆದರೆ ಬಂದರೆ ಟೈಮ್ ಕೊಡುವುದಿಲ್ಲ. ಲಸಿಕೆ ಹಾಕಿಸಿಕೊಂಡರೆ ಅಪಾಯ ಕಡಿಮೆ, ಪೂರ್ತಿ ಹೋಗುವುದಿಲ್ಲ.

ಆದ್ದರಿಂದ ನಾನು ಮಾಡಿದ್ದು ಇಷ್ಟು. ಒಂದು ಸಣ್ಣ ಚೀಲದಲ್ಲಿ ಥರ್ಮಾಮೀಟರ್, ಡಾಕ್ಟರು ಬರೆದುಕೊಟ್ಟ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ, ಅವರದೇ ಒಂದು ಪತ್ರ, ಆರೋಗ್ಯವಾಗಿದ್ದಾಗಿನ ರಕ್ತದ ರಿಪೋರ್ಟು. ಈ ರಿಪೋರ್ಟು ಯಾಕೆ ಅಂದರೆ, ಗುಲ್ಮ ಇಲ್ಲದವರಿಗೆ ಬಿಳಿ ರಕ್ತಕಣ ಯಾವಾಗಲೂ ಸ್ವಲ್ಪ ಜಾಸ್ತಿಯೇ ಇರುತ್ತದೆ, ನಮ್ಮ ಮಾಮೂಲಿ ಎಷ್ಟು ಅಂತ ಹೊಸ ಡಾಕ್ಟರಿಗೆ ತಿಳಿಯಬೇಕಲ್ಲ. ಮಾತ್ರೆ ಎಷ್ಟು, ಹೇಗೆ ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ, ಪೆನ್ಸಿಲಿನ್ ಆಗದವರಿಗೆ ಬೇರೆ ಕೊಡುತ್ತಾರೆ. ಚೀಲ ತೋಟಕ್ಕೂ ಬರುತ್ತದೆ, ಮದುವೆ ಮನೆಗೂ ಬರುತ್ತದೆ. ನಗುತ್ತಿದ್ದದ್ದು ಇದಕ್ಕೇ.

ಆವತ್ತು ಸಂಜೆ ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಲೆಕ್ಕ ಕೊಡುತ್ತಿದ್ದಾಗ ಚಳಿ ಹಿಡಿಯಿತು. ಹಲ್ಲು ಕಟಕಟ. ಥರ್ಮಾಮೀಟರ್‌ನಲ್ಲಿ 101 ದಾಟಿತ್ತು. ನನಗೆ ಹೇಳಿದ್ದ ಗೆರೆ 100.4. ಹೆಂಡತಿ ಪ್ಯಾರಾಸಿಟಮಾಲ್ ತಂದಳು, ಬೇಡ ಅಂದೆ. ಜ್ವರ ಇಳಿದು ಬಿಟ್ಟರೆ 'ಕಡಿಮೆ ಆಯ್ತಲ್ಲ, ಬೆಳಿಗ್ಗೆ ನೋಡೋಣ' ಅಂತ ಎಲ್ಲರೂ ಮಲಗಿಸಿಬಿಡುತ್ತಾರೆ. ಚೀಲದ ಮಾತ್ರೆ ನುಂಗಿ ಗಾಡಿ ಹತ್ತಿದೆ. ಮಾತ್ರೆ ಇರುವುದು ದಾರಿಯ ಹೊತ್ತಿಗೆ ಮಾತ್ರ, ಅದನ್ನು ನುಂಗಿ ಮನೆಯಲ್ಲೇ ಕಾಯುವುದಕ್ಕಲ್ಲ.

ಆಸ್ಪತ್ರೆಯಲ್ಲಿದ್ದ ಹುಡುಗ ಡಾಕ್ಟರು ವೈರಲ್ ಇರಬೇಕು, ಡೆಂಗ್ಯೂ ಸೀಸನ್, ಮೂರು ದಿನ ಬಿಟ್ಟು ಬನ್ನಿ ಅಂದರು. ಬೇರೆಯವರಿಗಾದರೆ ಸರಿಯಾದ ಮಾತೇ. ನಾನು ಪತ್ರ ಮುಂದಿಟ್ಟೆ. ಓದಿದರು, ಮೇಲಿನ ಡಾಕ್ಟರಿಗೆ ಫೋನ್ ಮಾಡಿದರು, ಆಮೇಲೆ ಮಾತಿಲ್ಲ. ಕಲ್ಚರ್‌ಗೆ ರಕ್ತ ತೆಗೆದು, ಅದರ ರಿಪೋರ್ಟಿಗೆ ಕಾಯದೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದರು. ಅಷ್ಟರಲ್ಲಿ ಬಿಪಿ ಇಳಿಯತೊಡಗಿತ್ತು, ಎರಡು ಬಾಟಲಿ ಸಲೈನ್ ಹೋಯಿತು. ಮರುದಿನ ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಕೆಳಗಡೆ ನ್ಯುಮೋನಿಯಾ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ, ಮಾತ್ರೆ ಮೊದಲೇ ಹೋಗಿದ್ದರಿಂದ ಹಾಗಾಗಿರಬಹುದು ಅಂದರು. ಡೆಂಗ್ಯೂ ನೆಗೆಟಿವ್. ವಾರದೊಳಗೆ ಮನೆಗೆ ಬಂದೆ. ಬಿಲ್ ಮೂವತ್ತು ಸಾವಿರದ ಸುತ್ತಮುತ್ತ. ಆಮೇಲೆ ಹೆಂಡತಿ ಆ ಚೀಲಕ್ಕೆ ತಾನೇ ಜಿಪ್ ಹಾಕಿಸಿಕೊಟ್ಟಳು.

ನಾಯಿ ಸಾಕಿದವರಿಗೆ ಒಂದು ಮಾತು. ನಾಯಿ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರಿಗೆ ಬಹಳ ಕೆಟ್ಟದ್ದು. ಕಚ್ಚಿದರೆ, ಸಣ್ಣ ಗಾಯವಾದರೂ, ರೇಬಿಸ್ ಲಸಿಕೆ ಜೊತೆಗೆ ಆಂಟಿಬಯಾಟಿಕ್ಕನ್ನೂ ಕೇಳಿ ತಗೊಳ್ಳಿ. ಮಂಗಳೂರು ಕಡೆ ಹೋಗುವಾಗ ನನಗೆ ಸೊಳ್ಳೆಪರದೆ ಬೇಕೇ ಬೇಕು, ಮಲೇರಿಯಾ ನಮಗೆ ಜೋರಾಗಿ ಬರುತ್ತದೆ.

ಇನ್ನೊಂದು ನನ್ನ ಚಟ. ವರ್ಷಕ್ಕೊಮ್ಮೆ ರಕ್ತದ ಸ್ಮಿಯರ್‌ನಲ್ಲಿ ಹೋವೆಲ್-ಜಾಲಿ ಬಾಡಿ ಇವೆಯಾ ನೋಡಿ ಅಂತ ಲ್ಯಾಬಿನವರನ್ನು ಕೇಳುತ್ತೇನೆ. ಕೆಂಪು ರಕ್ತಕಣದೊಳಗೆ ಉಳಿದ ಕಪ್ಪು ಚುಕ್ಕಿ ಅದು, ಗುಲ್ಮ ಇದ್ದರೆ ಅದನ್ನು ಕಿತ್ತು ತೆಗೆಯುತ್ತದೆ. ಕೆಲವರ ಹೊಟ್ಟೆಯಲ್ಲಿ ಇನ್ನೊಂದು ಪುಟಾಣಿ ಗುಲ್ಮ ಅಡಗಿರುತ್ತದೆ, ಸರ್ಜನ್ ಕಣ್ಣಿಗೆ ಬೀಳದೆ ಅದು ಉಳಿದರೆ ಬೆಳೆದು ಐಟಿಪಿ ಮತ್ತೆ ಮರಳಬಹುದು. ಚುಕ್ಕಿ ಮಾಯವಾಗಿ ಪ್ಲೇಟ್‌ಲೆಟ್ ಇಳಿದರೆ ಅದನ್ನು ಹುಡುಕಬೇಕು. ಮೈಕ್ರೋಸ್ಕೋಪ್‌ನಲ್ಲಿ ನಾನೇ ನೋಡಿದ್ದೇನೆ, ಲ್ಯಾಬಿನ ಹುಡುಗನಿಗಿಂತ ಮೊದಲು ನನಗೇ ಸಿಕ್ಕಿತು. ಈ ಸಲವೂ ಇದ್ದವು. ಮೆನಿಂಜೋಕೋಕಸ್ ಬೂಸ್ಟರ್‌ಗೆ ಐದು ವರ್ಷ ಮುಗಿಯುತ್ತಾ ಬಂತು, ದೀಪಾವಳಿ ಮುಗಿದ ಮೇಲೆ ಅದನ್ನು ಹಾಕಿಸಬೇಕು.