ತೊಗರಿ ಹೊಲದ ಟಿಪ್ಪಣಿ, ಟ್ಯಾಬ್ಲೆಟ್‌ನಲ್ಲಿ ಹುಡುಕಿದರೆ ಸಿಗುವಂತೆ

ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ತೊಗರಿ ಹೊಲಗಳಲ್ಲಿ ನೆಟೆ ರೋಗದ ಟಿಪ್ಪಣಿಯನ್ನು ಸ್ಟೈಲಸ್ ಹಿಡಿದು ಟ್ಯಾಬ್ಲೆಟ್‌ನಲ್ಲೇ ಬರೆಯುತ್ತೇನೆ. ಬರೆಯುವುದೇನೂ ಕಷ್ಟವಲ್ಲ. ಎರಡು ತಿಂಗಳಾದ ಮೇಲೆ ‘ಆಳಂದ’ ಎಂದು ಹುಡುಕಿದಾಗ ಏನೂ ಸಿಗದಿರುವುದೇ ತೊಂದರೆ.

ನಾವು ಬರೆದದ್ದು ಟ್ಯಾಬ್ಲೆಟ್‌ಗೆ ಬರೀ ಗೆರೆ. ಆ್ಯಪ್ ಅದನ್ನು ಕನ್ನಡವೆಂದು ಓದಿಕೊಂಡರೆ ಮಾತ್ರ ಹುಡುಕಾಟ ಸಾಧ್ಯ. ಅದಕ್ಕೇ ಹೊಸ ಆ್ಯಪ್ ಹಾಕಿದ ದಿನವೇ ಒಂದು ಪುಟದಲ್ಲಿ ‘ಆಳಂದ’ ಎಂದೂ ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ Aland ಎಂದೂ ಬರೆದು ಎರಡನ್ನೂ ಹುಡುಕಿ ನೋಡುತ್ತೇನೆ. ಇಂಗ್ಲಿಷ್ ಸಿಕ್ಕು ಕನ್ನಡ ಸಿಗದಿದ್ದರೆ, ಮೊದಲು ಆ್ಯಪ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಇದೆಯೇ ನೋಡಬೇಕು. ಇಲ್ಲದಿದ್ದರೆ ಕೈಬರಹದ ಮೇಲಷ್ಟೇ ನಂಬಿಕೆ ಇಡುವಂತಿಲ್ಲ.

ಆಗ ನಾನು ಮಾಡುವುದು ಇಷ್ಟು. ಗೂಗಲ್‌ನ ಕೀಲಿಮಣೆ ಆ್ಯಪ್ ಆದ ಜಿಬೋರ್ಡ್‌ನ ಭಾಷೆಗಳಲ್ಲಿ ಕನ್ನಡ ಸೇರಿಸುವಾಗ ಕೈಬರಹದ ಕೀಲಿಮಣೆ ಆರಿಸಿಕೊಳ್ಳುತ್ತೇನೆ. ಪುಟದ ಶೀರ್ಷಿಕೆಯನ್ನು ಅದರಲ್ಲೇ ಬರೆಯುತ್ತೇನೆ: ‘ಆಳಂದ ತೊಗರಿ ನೆಟೆ 14-11-2024’. ಇದು ನಿಜವಾದ ಅಕ್ಷರವಾಗಿ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ಕೆಳಗೆ ಗಿಡದ ಚಿತ್ರ, ಸಾಲಿನ ಲೆಕ್ಕ, ರೈತರ ಮಾತು ಎಲ್ಲ ಕೈಬರಹದಲ್ಲೇ ಇರಲಿ.

ಕೀಲಿಮಣೆಯಲ್ಲಿ ಒಮ್ಮೆಗೆ ಒಂದೆರಡು ಪದ ಸಾಕು. ಒತ್ತಕ್ಷರವನ್ನು ಅದರ ಅಕ್ಷರದ ಕೆಳಗೇ, ಅಂಟಿಕೊಂಡಂತೆ ಬರೆಯಬೇಕು. ‘ಚಿತ್ತಾಪುರ’ದ ತ ಒತ್ತು ಬಲಕ್ಕೆ ಸರಿದರೆ ಬೇರೆಯೇ ಅಕ್ಷರವಾಗಿ ‘ಚಿತಾತಪುರ’ ಆಗಿಬಿಡಬಹುದು. ಪದ ಪೂರ್ತಿ ಬರೆದು ಕೊನೆಗೆ ಒತ್ತು ಹಾಕುವ ಅಭ್ಯಾಸವಿದ್ದರೆ ಇಲ್ಲಿ ಬಿಡುವುದು ಒಳ್ಳೆಯದು: ನಡುವೆ ಕೈ ತಡೆದರೆ ಪದ ಅಷ್ಟಕ್ಕೇ ಮುಗಿದುಹೋಗುತ್ತದೆ. ತಪ್ಪಾದಾಗ ಅಳಿಸುವ ಮುಂಚೆ ಮೇಲಿನ ಪಟ್ಟಿಯ ಸಲಹೆಗಳನ್ನು ನೋಡಿ. ಸರಿಯಾದ ಪದ ಹೆಚ್ಚಾಗಿ ಅಲ್ಲೇ ಇರುತ್ತದೆ.

ಇಡೀ ಪುಟ ಟೈಪ್ ರೂಪಕ್ಕೆ ಬೇಕಾದಾಗ ಪರದೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಟಿಪ್ಪಣಿ, ಇನ್ನೊಂದು ಕಡೆ ಗೂಗಲ್ ಡಾಕ್ಸ್ ಇಟ್ಟುಕೊಂಡು ಇದೇ ಕೀಲಿಮಣೆಯಲ್ಲಿ ಬರೆಯುತ್ತೇನೆ. ನಿಧಾನವೇನೋ ಹೌದು, ಆದರೆ ರೋಗದ ಹೆಸರು, ಊರ ಹೆಸರು ಕಣ್ಣೆದುರೇ ಸರಿಹೋಗುತ್ತವೆ.

ಕಣ್ಣಿಗೆ ಕಾಣದ ತಪ್ಪೊಂದಿದೆ. ಅನುಸ್ವಾರ ‘ಂ’ ಮತ್ತು ಕನ್ನಡ ಅಂಕಿ ‘೦’ ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಒಂದರ ಯೂನಿಕೋಡ್ ಸಂಖ್ಯೆ U+0C82, ಇನ್ನೊಂದರದ್ದು U+0CE6. ಬರೆದದ್ದು ‘ಆಳ೦ದ’ ಎಂದು ಅಂಕಿಯೊಂದಿಗೆ ಕೂತರೆ, ‘ಆಳಂದ’ ಹುಡುಕಿದಾಗ ಅದು ಬರುವುದಿಲ್ಲ. ಡಾಕ್ಸ್‌ನ ಹುಡುಕು-ಬದಲಿಸು ಬಳಸಿ ‘೦’ ಇದ್ದಲ್ಲೆಲ್ಲ ‘ಂ’ ಹಾಕುತ್ತೇನೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕನ್ನಡ ಅಂಕಿಯ ‘೧೦’ ಕೂಡ ಕೆಡುತ್ತದೆ, ಅದಕ್ಕಾಗಿಯೇ ದಿನಾಂಕ, ಗಿಡದ ಲೆಕ್ಕ ಎಲ್ಲವನ್ನೂ 1, 2, 3 ಅಂಕಿಯಲ್ಲೇ ಬರೆಯುತ್ತೇನೆ.