ಮನೆ ಮೇಕ್‌ಓವರ್ ಎಪಿಸೋಡ್ ಶೂಟ್ ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಮನೆ ಮೇಕ್‌ಓವರ್ ವಿಡಿಯೋ ಮಾಡುವ ಹುಡುಗ-ಹುಡುಗಿಯರು ಜಾಸ್ತಿಯಾಗಿದ್ದಾರೆ. ಕ್ಯಾಮೆರಾ ಕೆಲಸಕ್ಕೆ ನನ್ನನ್ನೂ ಕರೆಯುತ್ತಾರೆ. ಬಣ್ಣ ಚೆನ್ನಾಗಿರುತ್ತದೆ, ದುಡ್ಡೂ ಖರ್ಚಾಗಿರುತ್ತದೆ. ಆದರೆ ವಿಡಿಯೋ ನೋಡಿದರೆ ಮನೆ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಯಾಕೆಂದರೆ ‘ಮೊದಲು’ ಭಾಗವನ್ನು ಅವಸರದಲ್ಲಿ ಮುಗಿಸಿರುತ್ತಾರೆ, ಕೊನೆಯಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ನಿರೂಪಕರು ಒಂದೇ ಸಮನೆ ಮಾತಾಡುತ್ತಿರುತ್ತಾರೆ. ಧಾರವಾಡದ ಮಾಳಮಡ್ಡಿಯ ಹಳೇ ಹಂಚಿನ ಮನೆಯೊಂದರ ಪಡಸಾಲೆಯನ್ನು ನಾವು ಹೇಗೆ ಶೂಟ್ ಮಾಡಿದೆವು ಎಂದು ಹೇಳುತ್ತೇನೆ. ಅದೇ ಕ್ರಮ ನೀವೂ ಇಟ್ಟುಕೊಳ್ಳಬಹುದು.

ಹಂತ 1: ಕ್ಯಾಮೆರಾ ಇಲ್ಲದೆ ಒಮ್ಮೆ ಹೋಗಿ

ನಿರೂಪಕಿಯ ಕೆಲಸ ಶುರುವಾಗುವುದು ಇಲ್ಲಿ, ಮೈಕ್ ಹಿಡಿದ ಮೇಲಲ್ಲ. ಮನೆಯವರ ಜೊತೆ ಚಹಾ ಕುಡಿಯುತ್ತಾ ಒಂದು ತಾಸು ಸುಮ್ನೆ ಕೂರಬೇಕು. ‘ನಿಮಗೆ ಯಾವ ಬಣ್ಣ ಇಷ್ಟ?’ ಅಂತ ಕೇಳಬೇಡಿ. ‘ದಿನಾ ಇಲ್ಲಿ ಏನು ತ್ರಾಸ ಆಗುತ್ತದೆ?’ ಅಂತ ಕೇಳಿ.

ಆ ಮನೆಯ ಕಾಕು ಕಸೂತಿ ಹಾಕುತ್ತಾರೆ. ಕಸೂತಿಗೆ ಬಟ್ಟೆಯ ಎಳೆ ಎಣಿಸಬೇಕು. ಅದರಲ್ಲೂ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವುದೆಂದರೆ ಒಳ್ಳೆ ಬೆಳಕು ಬೇಕೇ ಬೇಕು. ಅವರು ಹೇಳಿದ್ದು ಇಷ್ಟೇ: “ಒಳಗ ಕುಂತ್ರ ಎಳಿ ಕಾಣಂಗಿಲ್ಲ. ಸೂಜಿಗೆ ದಾರ ಪೋಣಸಾಕೂ ಹೊರಗ ಕಟ್ಟಿಗೇ ಹೋಗಬೇಕು ನೋಡವಾ.”

ಈ ಒಂದು ಮಾತಿನ ಮೇಲೆ ಇಡೀ ಎಪಿಸೋಡ್ ನಿಂತಿತು. ಇಂಥ ಮಾತು ಸಿಗುವ ತನಕ ಕೆಲಸ ಶುರು ಮಾಡಬೇಡಿ. ‘ಮನೆ ಚೆಂದ ಕಾಣಬೇಕು’ ಎನ್ನುವುದನ್ನು ಕ್ಯಾಮೆರಾದಲ್ಲಿ ತೋರಿಸಲು ಬರುವುದಿಲ್ಲ. ‘ಸೂಜಿಗೆ ದಾರ ಪೋಣಿಸಬೇಕು’ ಎನ್ನುವುದನ್ನು ತೋರಿಸಬಹುದು.

ಹಂತ 2: ‘ಮೊದಲು’ ಶೂಟ್

ಇಲ್ಲಿ ಆಗುವ ಮೊದಲ ತಪ್ಪು, ಮನೆಯನ್ನು ಇದ್ದದ್ದಕ್ಕಿಂತ ಕೆಟ್ಟದಾಗಿ ತೋರಿಸುವುದು. ಪಾತ್ರೆ ಹರಡುವುದು, ಮಡಚಿಟ್ಟ ಹಾಸಿಗೆ ಬಿಚ್ಚುವುದು, ಇದ್ದ ದೀಪ ಆರಿಸುವುದು. ದಯವಿಟ್ಟು ಮಾಡಬೇಡಿ. ಆ ವಿಡಿಯೋವನ್ನು ಅವರ ಬೀಗರೂ ನೋಡುತ್ತಾರೆ, ಓಣಿಯವರೂ ನೋಡುತ್ತಾರೆ. ಮನೆ ಇದ್ದ ಹಾಗೇ ಇರಲಿ.

ಎರಡನೆಯದು ಕ್ಯಾಮೆರಾದ ಜಾಗ. ‘ಮೊದಲು’ ಮತ್ತು ‘ಆಮೇಲೆ’ ಎರಡನ್ನೂ ಒಂದೇ ಜಾಗದಿಂದ, ಒಂದೇ ಎತ್ತರದಿಂದ, ದಿನದ ಒಂದೇ ಹೊತ್ತಿನಲ್ಲಿ ತೆಗೆಯಬೇಕು. ಎಲ್ಲರೂ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡುತ್ತಾರೆ. ಕೆಲಸ ನಡೆಯುವಾಗ ಫರಸಿ ತೊಳೆಯುತ್ತಾರೆ, ಟೇಪ್ ಕಿತ್ತು ಹೋಗುತ್ತದೆ. ಅದಕ್ಕೇ ನಾನು ಬಾಗಿಲ ಚೌಕಟ್ಟಿನಿಂದ ಟ್ರೈಪಾಡ್ ಎಷ್ಟು ದೂರ, ಎಡಗೋಡೆಯಿಂದ ಎಷ್ಟು ದೂರ ಅಂತ ಅಳೆದು ಚೀಟಿಯಲ್ಲಿ ಬರೆಯುತ್ತೇನೆ. ಚೌಕಟ್ಟು ಎಲ್ಲೂ ಹೋಗುವುದಿಲ್ಲ. ಮಾಳಮಡ್ಡಿಯ ಚೀಟಿಯಲ್ಲಿ ಇದ್ದದ್ದು: ಚೌಕಟ್ಟಿನಿಂದ 2 ಅಡಿ, ಗೋಡೆಯಿಂದ ಒಂದೂವರೆ ಅಡಿ, ಲೆನ್ಸ್ ಎತ್ತರ 4 ಅಡಿ, ಬೆಳಿಗ್ಗೆ 10:30. ಜೊತೆಗೆ ನಿಂತ ಟ್ರೈಪಾಡಿನದೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಫೋನಿನ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಟ್ಟರೆ ಕತ್ತಲ ಕೋಣೆಯನ್ನು ಅದು ತಾನೇ ಬೆಳಗಿಸಿ ತೋರಿಸುತ್ತದೆ. ಬೆಳಕಿನ ಕೋಣೆಯನ್ನು ತಾನೇ ಮಂಕು ಮಾಡುತ್ತದೆ. ಹಾಗಾಗಿ ನಿಮ್ಮ ‘ಮೊದಲು’ ಮತ್ತು ‘ಆಮೇಲೆ’ ಎರಡೂ ಒಂದೇ ಥರ ಕಾಣುತ್ತವೆ. ಬೆಳಕೇ ಇಲ್ಲದ್ದು ಆ ಮನೆಯ ತ್ರಾಸ ಆಗಿರುವಾಗ ಇದು ದೊಡ್ಡ ನಷ್ಟ. ಪ್ರೊ ಮೋಡ್‌ಗೆ ಹೋಗಿ ಎಲ್ಲವನ್ನೂ ಕೈಯಾರೆ ಇಡಿ. ನಾವು ಅವತ್ತು ಐಎಸ್‌ಒ 400, ಶಟರ್ 1/50, ವೈಟ್ ಬ್ಯಾಲೆನ್ಸ್ 5000 ಇಟ್ಟೆವು. ಕೋಣೆ ಕತ್ತಲಾಗಿ ಕಂಡರೂ ವಸ್ತುಗಳು ಗೊತ್ತಾಗುತ್ತಿದ್ದವು. ಶಟರ್ 1/50 ಯಾಕೆಂದರೆ ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಬೇರೆ ಲೆಕ್ಕ ಇಟ್ಟರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ವಿಡಿಯೋದಲ್ಲಿ ಪಟ್ಟೆ ಓಡುತ್ತವೆ. ಈ ಮೂರು ಅಂಕಿಗಳನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ‘ಆಮೇಲೆ’ ಶೂಟ್‌ಗೆ ಇವೇ ಬೇಕು.

‘ಆಮೇಲೆ’ ತೆಗೆಯುವಾಗ ಮಾತ್ರ ವೈಡ್ ಲೆನ್ಸ್ ಹಾಕಿ ಕೋಣೆ ದೊಡ್ಡದು ಮಾಡುವವರನ್ನು ಕಂಡಿದ್ದೇನೆ. ಅದು ಮೋಸ. ಸೀರೆ, ಕೂದಲು, ಬಟ್ಟೆ ಬದಲಿಸುವ ಎಪಿಸೋಡ್‌ಗಳಲ್ಲೂ ಇದೇ ಚಾಳಿ ಇದೆ. ಮೊದಲು ತಲೆ ತಗ್ಗಿಸಿ ನಿಲ್ಲಿಸುತ್ತಾರೆ, ಆಮೇಲೆ ದೀಪ ಹಾಕಿ ನಗಿಸುತ್ತಾರೆ. ಬದಲಾದದ್ದು ಬಟ್ಟೆಯೋ ಬೆಳಕೋ ಯಾರಿಗೆ ಗೊತ್ತು? ಬ್ರಿಟನ್ನಿನಲ್ಲಿ 2001ರಲ್ಲಿ ಶುರುವಾಗಿ ಆಮೇಲೆ ಅಮೆರಿಕಕ್ಕೂ ಹೋದ ‘ವಾಟ್ ನಾಟ್ ಟು ವೇರ್’ ಕಾರ್ಯಕ್ರಮದಲ್ಲಿ ಸುತ್ತಲೂ ಕನ್ನಡಿ ಇದ್ದ ಪುಟ್ಟ ಕೋಣೆಯಲ್ಲಿ ಕಾರ್ಯಕ್ರಮಕ್ಕೆ ಬಂದವರನ್ನು ಅವರದೇ ಬಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಹಿಂದೆ-ಮುಂದೆ ಎಲ್ಲಾ ಕಡೆಯಿಂದ ತಮ್ಮನ್ನು ತಾವೇ ನೋಡಿಕೊಳ್ಳಬೇಕು. ಅದು ಖಡಕ್ ಅನಿಸಿದರೂ ಅಲ್ಲಿನ ‘ಮೊದಲು’ ಅವರದೇ ಆಗಿತ್ತು.

ಹಂತ 3: ಕೆಲಸ

ಕಿಟಕಿಗೆ ಅಡ್ಡ ಇದ್ದ ತಿಜೋರಿಯನ್ನು ಒಳಕೋಣೆಗೆ ಸರಿಸಿದೆವು, ಸೊಂಟದೆತ್ತರದ ಕಡು ಹಸಿರು ಆಯಿಲ್ ಪೇಂಟ್ ಕೆರೆದು ಸುಣ್ಣ ಬಳಿಸಿದೆವು, ಮಾಡಿನಲ್ಲಿ 2 ಮಣ್ಣಿನ ಹಂಚು ತೆಗೆದು ಗಾಜಿನ ಹಂಚು ಹಾಕಿಸಿದೆವು. 6 ದಿನ ಹಿಡಿಯಿತು. ದಿನಾ ಸಂಜೆ ಅದೇ ಗುರುತಿನಿಂದ 10 ಸೆಕೆಂಡ್ ತೆಗೆದಿಟ್ಟುಕೊಳ್ಳಿ, ಸಾಕು.

ಒಂದು ಮಾತು ಮಾತ್ರ. ಇಟ್ಟಿಗೆ ಹಾಗೆ ಕಾಣುವ, ಹಿಂದೆ ಅಂಟು ಇರುವ ಫೋಮ್ ಶೀಟ್ ಬರುತ್ತದಲ್ವಾ, ಅದನ್ನು ಹಳೇ ಗೋಡೆಗೆ ಹಚ್ಚಲೇಬೇಡಿ. ಅರ್ಧ ದಿನದಲ್ಲಿ ಗೋಡೆ ಹೊಸದಾಗುತ್ತದೆ ನಿಜ. ಧಾರವಾಡದ ಮಳೆಗೆ ಮಣ್ಣು-ಸುಣ್ಣದ ಗೋಡೆ ತಂಪು ಹಿಡಿಯುತ್ತದೆ. ಆ ತಂಪು ಶೀಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ, ಬೂಸರು ಹಿಡಿಯುತ್ತದೆ, ಶೀಟು ಗಿಲಾವನ್ನೂ ಕಿತ್ತುಕೊಂಡು ಬೀಳುತ್ತದೆ. ತಂಪು ಗೋಡೆಯ ಮೇಲಿನ ಪುಟ್ಟಿಯೂ ಹೀಗೇ ಹಪ್ಪಳದಂತೆ ಏಳುತ್ತದೆ. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ನನ್ನ ಕೇಳಿದರೆ ಹಳೇ ಮನೆಗೆ ಸುಣ್ಣವೇ ಸರಿ.

ಹಂತ 4: ಬಾಗಿಲು ತೆಗೆಯುವ ಹೊತ್ತು

ಎಪಿಸೋಡ್ ಕೆಡುವುದು ಇಲ್ಲೇ. ಇದಕ್ಕೆ ಎರಡನೇ ಟೇಕ್ ಇಲ್ಲ. ಒಮ್ಮೆ ನೋಡಿದ ಕೋಣೆಯನ್ನು ಯಾರೂ ಮತ್ತೆ ಮೊದಲ ಸಲ ನೋಡಲಾರರು.

ಹೆಸರಾದ ಕಾರ್ಯಕ್ರಮಗಳು ಈ ಹೊತ್ತಿಗೆ ಏನು ಮಾಡಿದವು ನೋಡಿ. ಬಿಬಿಸಿಯ ‘ಚೇಂಜಿಂಗ್ ರೂಮ್ಸ್’ನಲ್ಲಿ ನೆರೆಮನೆಯವರು ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಿಸುತ್ತಿದ್ದರು. ಕೊನೆಗೆ ನಿರೂಪಕಿ ಕ್ಯಾರಲ್ ಸ್ಮಿಲಿ ಮನೆಯವರ ಕಣ್ಣು ಮುಚ್ಚಿಸಿ ಒಳಗೆ ಕರೆತರುತ್ತಿದ್ದರು. ಅಮೆರಿಕದ ‘ಎಕ್ಸ್‌ಟ್ರೀಮ್ ಮೇಕ್‌ಓವರ್: ಹೋಮ್ ಎಡಿಷನ್’ನಲ್ಲಿ ಹೊಸ ಮನೆಗೆ ಅಡ್ಡ ಒಂದು ಬಸ್ಸು ನಿಲ್ಲಿಸಿ, ಟೈ ಪೆನಿಂಗ್ಟನ್ ಮತ್ತು ಸೇರಿದ ಜನ ‘ಬಸ್ ಸರಿಸಿ’ ಎಂದು ಕೂಗುತ್ತಿದ್ದರು. ‘ಫಿಕ್ಸರ್ ಅಪ್ಪರ್’ನಲ್ಲಿ ಹಳೇ ಮನೆಯ ದೊಡ್ಡ ಫೋಟೋವನ್ನೇ ಹೊಸ ಮನೆಯ ಮುಂದೆ ನಿಲ್ಲಿಸಿ, ಎರಡು ಭಾಗ ಮಾಡಿ ಎಳೆಯುತ್ತಿದ್ದರು. ಈ ಮೂರನೆಯದು ನನಗೆ ಬಹಳ ಇಷ್ಟ. ಹಳೆಯದನ್ನು ಕಣ್ಣು ಮರೆಯುವ ಮೊದಲೇ ಹೊಸದು ಬಂದು ಬಿಡುತ್ತದೆ. ನಮಗೆ ಅಷ್ಟು ದೊಡ್ಡ ಫೋಟೋ ಬೇಕಿಲ್ಲ. ಎಡಿಟ್ ಮಾಡುವಾಗ ಬಾಗಿಲು ತೆರೆಯುವ ಮುಂಚೆ ‘ಮೊದಲು’ ಶಾಟ್ 3 ಸೆಕೆಂಡ್ ಹಾಕಿದರೆ ಅದೇ ಕೆಲಸ ಆಗುತ್ತದೆ.

ಕ್ಯಾಮೆರಾ ಮೂರು ಬೇಕು, ಫೋನಾದರೂ ಆದೀತು. ಒಂದು ಚೀಟಿಯಲ್ಲಿ ಬರೆದ ಹಳೇ ಜಾಗದಲ್ಲಿ. ಇನ್ನೊಂದು ಮನೆಯವರ ಹೆಗಲ ಹಿಂದೆ. ಮೂರನೆಯದೇ ಮುಖ್ಯ: ಕೋಣೆಯ ಒಳಗೆ, ಹೊಸ್ತಿಲಿನಿಂದ 6-7 ಅಡಿ ದೂರ, ಮುಖದ ಎತ್ತರಕ್ಕೆ. ಅವರಷ್ಟೇ ಎತ್ತರದವರೊಬ್ಬರನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಫೋಕಸ್ ಮೊದಲೇ ಕೂರಿಸಿ, ಲಾಕ್ ಮಾಡಿ. ಬಾಗಿಲು ತೆಗೆಯುವ 1 ನಿಮಿಷ ಮುಂಚೆಯೇ ಮೂರೂ ಓಡುತ್ತಿರಲಿ. ಕಾಲರ್ ಮೈಕನ್ನು ರೇಷ್ಮೆ ಸೆರಗಿನ ಕೆಳಗೆ ಸಿಕ್ಕಿಸಬೇಡಿ. ಸೆರಗು ಸರಿದಾಗಲೆಲ್ಲ ಸರಸರ ಸದ್ದು ಬರುತ್ತದೆ, ಮಾತು ಕೇಳುವುದಿಲ್ಲ.

ಇನ್ನು ನಿರೂಪಕಿ. ಆಕೆ ಮನೆಯವರ ಮುಂದೆ ನಡೆಯಬಾರದು. ಒಂದು ಹೆಜ್ಜೆ ಹಿಂದೆ, ಕಿಟಕಿಯ ಬೆಳಕಿಗೆ ಅಡ್ಡ ಬಾರದ ಕಡೆ ನಿಲ್ಲಬೇಕು. ಬಾಗಿಲು ತೆರೆದ ಮೇಲೆ ಮನಸ್ಸಿನಲ್ಲೇ 10 ಎಣಿಸುವ ತನಕ ಒಂದು ಮಾತೂ ಆಡಬಾರದು. ‘ವಾವ್’ ಬೇಡ, ‘ಹೇಗಿದೆ?’ ಬೇಡವೇ ಬೇಡ. ‘ಹೇಗಿದೆ’ ಎಂದು ಕೇಳಿದರೆ ನಮ್ಮ ಜನ ‘ಚಲೋ ಐತ್ರಿ’ ಅನ್ನುತ್ತಾರೆ, ಅಷ್ಟೇ. ಅದು ಮರ್ಯಾದೆಯ ಮಾತು, ಮನಸ್ಸಿನ ಮಾತಲ್ಲ.

ಮಾಳಮಡ್ಡಿಯಲ್ಲಿ ಬಾಗಿಲು ತೆರೆದಾಗ ಕಾಕು ಗೋಡೆ ನೋಡಲಿಲ್ಲ, ಮಾಡು ನೋಡಲಿಲ್ಲ. “ನನ್ನ ದಾರದ ಪೆಟ್ಟಿಗಿ ಎಲ್ಲಿಟ್ಟೀರಿ?” ಅಂದರು. ನನಗೆ ಎದೆ ಧಸಕ್ಕೆಂದಿತು. ನಿರೂಪಕಿ ಬಾಯಿ ಬಿಡಲಿಲ್ಲ. ಕಾಕು ಸುತ್ತ ನೋಡಿದರು, ಕಿಟಕಿ ಪಕ್ಕದ ಗೂಡಿನಲ್ಲಿ ಪೆಟ್ಟಿಗೆ ಕಂಡಿತು. ಅಲ್ಲೇ ಮಣೆ ಹಾಕಿಟ್ಟಿದ್ದೆವು. ಕೂತರು. ಸೂಜಿ ತೆಗೆದರು, ದಾರದ ತುದಿ ನಾಲಿಗೆಗೆ ತಾಕಿಸಿ ಕಿಟಕಿಯ ಕಡೆ ಹಿಡಿದರು. ಮೊದಲ ಸಲ ತಪ್ಪಿತು. ಎರಡನೇ ಸಲ ಪೋಣಿಸಿದರು. ಆಗ ನಿರೂಪಕಿ ಕೇಳಿದ್ದು ಒಂದೇ ಪ್ರಶ್ನೆ: “ಕಾಕೂ, ಮೊದಲ ಎಲ್ಲಿ ಕುಂತು ಪೋಣಸ್ತಿದ್ರಿ?” ಕಾಕು ಮಾತಾಡದೆ ಸೂಜಿ ಹಿಡಿದ ಕೈಯನ್ನೇ ಎತ್ತಿ ಹೊರಗಿನ ಕಟ್ಟೆಯ ಕಡೆ ತೋರಿಸಿದರು.

ಇದೆಲ್ಲ ನಡೆದದ್ದು ಒಂದೂವರೆ ನಿಮಿಷದಲ್ಲಿ. ನಡುವೆ ಯಾರಾದರೂ ‘ಪೆಟ್ಟಿಗೆ ಅಲ್ಲಿದೆ ಕಾಕೂ’ ಅಂದಿದ್ದರೆ ಆ ಹುಡುಕಾಟವೇ ಇರುತ್ತಿರಲಿಲ್ಲ.

ಅವರಿಗೆ ಹಿಡಿಸದಿದ್ದರೆ? ಅದನ್ನೂ ಹಾಕಿ. ‘ಚೇಂಜಿಂಗ್ ರೂಮ್ಸ್’ನಲ್ಲಿ ಅತ್ತವರೂ ಇದ್ದಾರೆ, ಅದು ಪ್ರಸಾರವೂ ಆಗಿದೆ. ಅದೇ ಕಾರ್ಯಕ್ರಮದಲ್ಲಿ ಒಮ್ಮೆ ತೂಗುಹಾಕಿದ ಹಲಗೆ ಕುಸಿದು ಮನೆಯವರು ಕೂಡಿಟ್ಟ ಟೀಪಾಟುಗಳು ಒಡೆದು ಹೋದವು. ಮನೆಯವರ ಸಾಮಾನು ಹೊಸ ಹಲಗೆಯ ಮೇಲೆ ಇಡುವ ಮುಂಚೆ ಅಷ್ಟೇ ಭಾರದ ಇಟ್ಟಿಗೆ ಪೇರಿಸಿ ಒಂದು ರಾತ್ರಿ ಬಿಡಿ.

ಹಂತ 5: ‘ಆಮೇಲೆ’ ಮತ್ತು ಎಡಿಟ್

ಮಾರನೇ ದಿನ 10:30ಕ್ಕೆ ಚೀಟಿ ಹಿಡಿದು ನಿಂತು ತೆಗೆಯಿರಿ. ಮೊದಲು ಆರಿದ್ದ ದೀಪ ಈಗಲೂ ಆರಿರಲಿ. ಎರಡು ಶಾಟ್‌ಗಳ ನಡುವೆ ನೇರ ಕಟ್ ಕೊಡಿ. ಪರದೆ ಸರಿದಂತೆ, ಪುಟ ಮಗುಚಿದಂತೆ ಮಾಡುವ ಎಫೆಕ್ಟ್‌ಗಳನ್ನು ಬಿಟ್ಟುಬಿಡಿ, ಚೌಕಟ್ಟು ಕೂತಲ್ಲೇ ಕೂತು ಬೆಳಕು ಮಾತ್ರ ಬದಲಾಗುವುದನ್ನು ಅವು ಮರೆಮಾಡುತ್ತವೆ.

ಹಂತ 6: ಮಳೆ ಬಿದ್ದ ಮೇಲೆ ಮತ್ತೆ ಹೋಗಿ

ಮಳೆಗಾಲದ ನಡುವೆ ಅದೇ ಚೀಟಿ ಹಿಡಿದು ಮಾಳಮಡ್ಡಿಗೆ ಹೋದೆವು. ಗಾಜಿನ ಹಂಚಿನ ಮೇಲೆ ಪಾಚಿ ಕಟ್ಟಿ ಬೆಳಕು ಸ್ವಲ್ಪ ಹಸಿರಾಗಿತ್ತು. ತಿಜೋರಿ ಇದ್ದ ಮೂಲೆಯಲ್ಲಿ ಅಂಗೈಯಗಲ ತಂಪು ಹಿಡಿದಿತ್ತು, ಸುಣ್ಣ ಉದುರಿರಲಿಲ್ಲ. ನಾವು ಹಾಕಿದ್ದ ಮಣೆಯನ್ನು ಕಾಕು ಕಿಟಕಿಯ ಕಡೆಗೆ ಒಂದು ಮೊಳ ಸರಿಸಿಕೊಂಡಿದ್ದರು. ಮೂರನ್ನೂ ತೆಗೆದು ಎಪಿಸೋಡಿನ ಕೊನೆಗೆ ಸೇರಿಸಿದೆವು.