ಖಾಲಿ ಜಾಗದಲ್ಲೇ ಇದ್ದ ಮದುವೆಯ ಫೋಟೊಗಳು

ಉಡುಪಿಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ ಕಳೆದ ಮಳೆಗಾಲದಲ್ಲಿ ಬ್ರಹ್ಮಾವರ ಕಡೆಯ ಒಬ್ಬ ಫೋಟೊಗ್ರಾಫರ್ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದಿದ್ದರು. ಡಿಸ್ಕ್ ಜೋಡಿಸಿದಾಗ ಅದನ್ನು ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೇಳಿತ್ತು; ಅವರು ಗಾಬರಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿ, ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ ಫೋಟೊಗಳನ್ನು ಅದೇ ಡಿಸ್ಕಿಗೆ ಉಳಿಸತೊಡಗಿದ್ದರು. ಮೊದಲ ಕೆಲವು ನೂರು ಫೋಟೊಗಳು ಸರಿಯಾಗಿಯೇ ಬಂದಿದ್ದವು. ಆಮೇಲಿನ ಒಂದನ್ನು ಅವರು ತೆರೆದು ತೋರಿಸಿದರು: ಮೇಲರ್ಧದಲ್ಲಿ ಧಾರೆಯ ಮಂಟಪ, ಮದುಮಗಳ ಮುಖ; ಅಲ್ಲಿಂದ ಕೆಳಗೆ ಬಣ್ಣದ ಪಟ್ಟಿಗಳು, ಕೊನೆಗೆ ಬರಿಯ ಬೂದು.

"ಲ್ಯಾಪ್‌ಟಾಪಿನಲ್ಲಿ ಜಾಗ ಇರ್ಲಿಲ್ಲ ಮಾರಾಯ್ರೇ, ಇದರಲ್ಲಿ ಬೇಕಾದಷ್ಟು ಖಾಲಿ ಇತ್ತಲ್ಲ" ಎಂದರು.

ಆ ಖಾಲಿ ಜಾಗದಲ್ಲೇ ಅವರ ಫೋಟೊಗಳಿದ್ದವು. ಕ್ವಿಕ್ ಫಾರ್ಮ್ಯಾಟ್ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ಫೋಟೊಗಳ ದತ್ತಾಂಶವನ್ನು ಅಳಿಸುವುದಿಲ್ಲ. ಹೊಸ ಲೆಕ್ಕದ ಪ್ರಕಾರ ಡಿಸ್ಕ್ ಬಹುಪಾಲು ಖಾಲಿ; ಆದ್ದರಿಂದ ಪತ್ತೆಯಾದ 8 ಎಂಬಿಯ ಒಂದು ಫೋಟೊವನ್ನು ಅಲ್ಲಿಯೇ ಉಳಿಸಿದರೆ, ಇನ್ನೂ ಪತ್ತೆಯಾಗದ ಮತ್ತೊಂದು ಫೋಟೊದ ಮೇಲೆ ಅದು ಹೋಗಿ ಕೂರಬಹುದು, ಹಾಗೆ ಕೂತದ್ದನ್ನು ಯಾವ ಎಚ್ಚರಿಕೆಯೂ ಹೇಳುವುದಿಲ್ಲ. ಒಮ್ಮೆ ಮೇಲೆ ಬರೆದುಹೋದ ಸೆಕ್ಟರಿನ, ಅಂದರೆ ಡಿಸ್ಕಿನ ಒಂದು ಚಿಕ್ಕ ತುಂಡಿನ, ಹಳೆಯ ವಿಷಯವನ್ನು ಯಾವ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು.

ಡಿಸ್ಕ್ ಗಟ್ಟಿಮುಟ್ಟಾಗಿದ್ದರೂ ಇದೇ ನಷ್ಟ. ಇವರದು ಕೆಡುತ್ತಿದ್ದ ಡಿಸ್ಕ್ ಆದ್ದರಿಂದ ಇನ್ನೊಂದು ಅಪಾಯವಿತ್ತು, ಅದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 197ನೇ ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ, ಸೊನ್ನೆಯಾಗಿರಲಿಲ್ಲ. ಹೀಗೆ ಬಾಕಿ ಇರುವ ಸೆಕ್ಟರನ್ನು ಮತ್ತೆ ಮತ್ತೆ ಓದಿದರೆ ಒಮ್ಮೆಯಾದರೂ ಸಿಕ್ಕೀತು ಎಂಬ ಆಸೆ ಇರುತ್ತದೆ. ಆದರೆ ಅದರ ಮೇಲೆ ಏನನ್ನಾದರೂ ಬರೆದ ತಕ್ಷಣ ಡಿಸ್ಕ್ ಹೊಸ ವಿಷಯವನ್ನು ಅಲ್ಲಿಯೇ ಇಡುತ್ತದೆ ಅಥವಾ ಬದಲಿ ಸೆಕ್ಟರಿಗೆ ಸಾಗಿಸುತ್ತದೆ. ಎರಡರಲ್ಲೂ ಬಾಕಿಯ ಲೆಕ್ಕ ಇಳಿಯುತ್ತದೆ, ಹಳೆಯದು ಹೋಗುತ್ತದೆ. ಸಂಖ್ಯೆ ಇಳಿದುದನ್ನು ಕಂಡು ಡಿಸ್ಕ್ ಸುಧಾರಿಸಿತು ಎಂದುಕೊಂಡವರನ್ನು ನಾನು ಕಂಡಿದ್ದೇನೆ, ಆಗೆಲ್ಲ ನಿಜಕ್ಕೂ ಸಂಕಟವಾಗುತ್ತದೆ. ಇದರ ಜೊತೆಗೆ, ಓದುತ್ತ ಬರೆಯುತ್ತ ಹೆಡ್ ಅತ್ತಿಂದಿತ್ತ ಓಡಾಡುವುದರಿಂದ ಮೊದಲೇ ಸೋತ ಡಿಸ್ಕಿನ ಕೆಲಸ ಇಮ್ಮಡಿಯಾಗುತ್ತದೆ.

ಆದ್ದರಿಂದ ನಾನು ಆ ಡಿಸ್ಕಿನಿಂದ ಬರಿಯ ಓದುವ ಕೆಲಸವನ್ನಷ್ಟೇ ಮಾಡಿಸಿದೆ. ಅವರಿಂದ 2 ಟಿಬಿಯ ಹೊಸ ಡಿಸ್ಕ್ ತರಿಸಿದೆ. 1 ಟಿಬಿಯದು ಸಾಲುವುದಿಲ್ಲ, ಏಕೆಂದರೆ ಹಳೆಯ ಡಿಸ್ಕಿನ ಪ್ರತಿಯೊಂದು ಸೆಕ್ಟರಿನ ನಕಲು ಒಂದೇ ಇಮೇಜ್ ಫೈಲ್ ಆಗಿ ಅಲ್ಲಿ ಕೂರಬೇಕು, ಆಮೇಲೆ ಸಿಗುವ ಫೋಟೊಗಳಿಗೂ ಜಾಗ ಉಳಿಯಬೇಕು. ಹೊಸ ಡಿಸ್ಕಿನ ಫಾರ್ಮ್ಯಾಟ್ ಎಫ್‌ಎಟಿ32 ಆಗಿರಕೂಡದು. ಅದರಲ್ಲಿ ಒಂದು ಫೈಲ್ 4 ಜಿಬಿಯನ್ನು ಮುಟ್ಟುವಂತಿಲ್ಲ. ಲಿನಕ್ಸಿನಲ್ಲಿ ಹಳೆಯ ಡಿಸ್ಕನ್ನು ಮೌಂಟ್ ಮಾಡದೆಯೇ, `lsblk -o NAME,SIZE,MODEL` ತೋರಿಸಿದ ಗಾತ್ರವನ್ನೂ ಮಾದರಿಯ ಹೆಸರನ್ನೂ ಎರಡು ಸಲ ತಾಳೆ ನೋಡಿ, ನಕಲು ಮಾಡುವ `ddrescue` ಅನ್ನು ಹೀಗೆ ಆರಂಭಿಸಿದೆ:

```
ddrescue -d -n /dev/sdb /mnt/hosa/studio.img /mnt/hosa/studio.map
ddrescue -d -r3 /dev/sdb /mnt/hosa/studio.img /mnt/hosa/studio.map
```

ಮೊದಲ ಹೆಸರು ಓದಬೇಕಾದ ಡಿಸ್ಕ್, ಎರಡನೆಯದು ಬರೆಯಬೇಕಾದ ಸ್ಥಳ. ಇವು ಅದಲುಬದಲಾಗಬಾರದು. ಮೊದಲ ಸುತ್ತು ಸುಲಭವಾಗಿ ಓದಬರುವುದನ್ನು ಎತ್ತಿಕೊಳ್ಳುತ್ತದೆ, ಎರಡನೆಯದು ಉಳಿದ ಕಷ್ಟದ ಭಾಗಗಳನ್ನು ಕೆದಕಿ, ಕೆಟ್ಟ ಸೆಕ್ಟರುಗಳನ್ನು ಇನ್ನೂ ಮೂರು ಬಾರಿ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಓದಿಯಾಯಿತು ಎಂಬ ಲೆಕ್ಕ ಮ್ಯಾಪ್ ಫೈಲಿನಲ್ಲಿರುತ್ತದೆ. ಆ ರಾತ್ರಿ ಗುಡುಗು ಸಹಿತ ಮಳೆಗೆ ಎರಡು ಬಾರಿ ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟಾಗ, ಅದೇ ಸಾಲನ್ನು ಮತ್ತೆ ಕೊಟ್ಟರೆ ಸಾಕಾಯಿತು, ನಿಂತಲ್ಲಿಂದಲೇ ಮುಂದುವರಿಯಿತು.

ಇಮೇಜ್ ಸಿದ್ಧವಾದ ಮೇಲೆ ಹಳೆಯ ಡಿಸ್ಕನ್ನು ಕಳಚಿಟ್ಟು, ಫೋಟೊಗಳನ್ನು ಹುಡುಕಿ ತೆಗೆಯುವ `photorec` ಅನ್ನು `studio.img` ಮೇಲೆ ಓಡಿಸಿದೆ. ಫೋಟೊಗಳನ್ನು ಇಮೇಜ್ ಇದ್ದ ಹೊಸ ಡಿಸ್ಕಿನ ಮತ್ತೊಂದು ಫೋಲ್ಡರಿಗೆ ಉಳಿಸಿದೆ. ಇದು ತಪ್ಪಲ್ಲವೇ ಎಂದು ಅವರು ಕೇಳಿದರು. ಅಲ್ಲ, ಇಲ್ಲಿ ಇಮೇಜ್ ಲೆಕ್ಕದಲ್ಲಿರುವ ಒಂದು ಫೈಲ್, ಅದು ಹಿಡಿದಿರುವ ಜಾಗವನ್ನು ಡಿಸ್ಕ್ ಮತ್ತೊಂದು ಫೈಲಿಗೆ ಕೊಡುವುದಿಲ್ಲ.

ಮದುವೆಯ ಫೋಟೊಗಳಲ್ಲಿ ಹೆಚ್ಚಿನವು ಪೂರ್ತಿಯಾಗಿ ಸಿಕ್ಕವು, ಆದರೆ ಹಳೆಯ ಹೆಸರುಗಳಿಲ್ಲದೆ, f ಅಕ್ಷರದ ಮುಂದೆ ಅಂಕೆಗಳಿರುವ ಹೆಸರಿನಲ್ಲಿ. ಅರ್ಧ ಬೂದಾಗಿದ್ದ ಧಾರೆಯ ಫೋಟೊ ಮಾತ್ರ ಇಮೇಜಿನಲ್ಲೂ ಹಾಗೆಯೇ ಇತ್ತು. ಹಳೆಯ ಡಿಸ್ಕಿಗೆ "ಬರೆಯಬಾರದು" ಎಂಬ ಚೀಟಿ ಅಂಟಿಸಿ, ಅವರು ಆಲ್ಬಮ್ಮಿಗೆ ಬೇಕಾದ ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿ ಮುಗಿಸುವವರೆಗೂ ನನ್ನ ಕಪಾಟಿನಲ್ಲೇ ಇಟ್ಟುಕೊಂಡೆ.